ಮೇ ಕೊನೆಯ ಕತ್ತರಿ

ಮೇ ತಿಂಗಳ ಕೊನೆಯ ವಾರ ತಿರುಪ್ಪೂರಿನ ಬನಿಯನ್ ಕಂಪನಿ ಕೆಲಸಗಾರರ ಮೊಬೈಲಿಗೆ ಬ್ಯಾಂಕಿನಿಂದ ಎರಡು ಸಂದೇಶ ಬರುತ್ತವೆ. 436 ರೂಪಾಯಿ ಕಡಿತವಾಗಿದ್ದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ, 20 ರೂಪಾಯಿ ಸುರಕ್ಷಾ ವಿಮೆಗೆ. ಎಂದೋ ಕೌಂಟರಿನಲ್ಲಿ ಹಾಕಿದ ಒಂದು ಸಹಿ ವರ್ಷ ವರ್ಷವೂ ತಪ್ಪದೆ ದುಡಿಯುತ್ತದೆ. ಬ್ಯಾಂಕಿನಲ್ಲಿ ಅಷ್ಟು ಚುರುಕಾಗಿ ನಡೆಯುವ ಕೆಲಸ ಬೇರೆ ಯಾವುದಿದೆಯೋ ಗೊತ್ತಿಲ್ಲ.

ಕಂಪನಿ ಬದಲಾದರೆ ಸಂಬಳದ ಖಾತೆಯೂ ಬದಲಾಗುವ ಊರಿದು. ಚಾಮರಾಜನಗರದಿಂದ ಬಂದವನಿಗೆ ಊರಿನದೊಂದು ಖಾತೆ, ಇಲ್ಲಿಯದೊಂದು. ಎರಡೂ ಕಡೆ ಫಾರಂ ತುಂಬಿಸಿಕೊಂಡಿದ್ದರೆ ಎರಡೂ ಕಡೆ 436 ಹೋಗುತ್ತದೆ. ಆದರೆ ಒಬ್ಬರಿಗೆ ಒಂದೇ ವಿಮೆ, ಎರಡೇ ಲಕ್ಷ. ಎರಡನೆಯ ಕಂತನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು ಎನ್ನುತ್ತದೆ ನಿಯಮ. ಹಣ ತೆಗೆದುಕೊಳ್ಳುವಾಗ ಕಾಣದ ಈ ನಿಯಮ ಹಣ ಕೊಡುವಾಗ ಮಾತ್ರ ಥಟ್ಟನೆ ಕಾಣಿಸಿಕೊಳ್ಳುತ್ತದೆ.

ಹೆಚ್ಚಿನದನ್ನು ನಿಲ್ಲಿಸಬೇಕಾದರೆ ಮೊದಲು ಎರಡೂ ಪಾಸ್‌ಬುಕ್‌ಗಳಿಗೆ ಎಂಟ್ರಿ ಹಾಕಿಸಿ, ಯಾವ ಖಾತೆಯಿಂದ ಯಾವ ವರ್ಷದಿಂದ ಕಡಿತವಾಗುತ್ತಿದೆ ಎಂದು ನೋಡಬೇಕು. ಹಳೆಯದನ್ನು ಉಳಿಸಿಕೊಂಡು, ಹೊಸ ಖಾತೆಯ ಶಾಖೆಗೆ ಮೇ 25ಕ್ಕೆ ಮುಂಚೆ ಆಟೋ ಡೆಬಿಟ್ ನಿಲ್ಲಿಸಿ ಎಂದು ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಸೇರಿಸುವಾಗ ನಾವಿದ್ದಲ್ಲಿಗೇ ಫಾರಂ ಬಂದಿತ್ತು. ಬಿಡಿಸಿಕೊಳ್ಳಲು ಅರ್ಧ ದಿನದ ಕೂಲಿ ಬಿಟ್ಟು ನಾವೇ ಹೋಗಬೇಕು.

ಅದಕ್ಕೇ ಜನ ಸುಲಭದ ದಾರಿ ಹಿಡಿಯುತ್ತಾರೆ: ಖಾತೆಯನ್ನು ಖಾಲಿ ಇಟ್ಟುಬಿಡುವುದು. ಹಣವಿಲ್ಲದಿದ್ದರೆ ವಿಮೆ ಮೇ 31ಕ್ಕೆ ಮುಗಿಯುತ್ತದೆ. ಅದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಈಗ ಒಂದು ಲೆಕ್ಕ ನೋಡಿ. ಐದು ವರ್ಷ ಊರಿನ ಖಾತೆಯಿಂದ ಕಂತು ಕಟ್ಟಿದವನೊಬ್ಬ ವಿಮೆಯನ್ನು ತಿರುಪ್ಪೂರಿನ ಖಾತೆಗೆ ಬದಲಾಯಿಸಿಕೊಳ್ಳೋಣ ಎಂದು ಹಳೆಯದನ್ನು ಖಾಲಿ ಮಾಡಿದ, ಜೂನ್ 10ರಂದು ಇಲ್ಲಿ ಹೊಸದಾಗಿ ಸೇರಿದ ಎಂದಿಟ್ಟುಕೊಳ್ಳಿ. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಒಮ್ಮೆ ಬಿಟ್ಟು ಮತ್ತೆ ಸೇರಿದವರಿಗೂ ಇದೇ ಕಟ್ಟಳೆ. ಜುಲೈ 5ರಂದು ಜ್ವರದಿಂದ ಅವನು ತೀರಿಕೊಂಡರೆ ಮನೆಯವರಿಗೆ ಎರಡು ಲಕ್ಷ ಸಿಗುವುದಿಲ್ಲ. ಐದು ವರ್ಷದ ನಿಷ್ಠೆಗೆ ಹೊಸಬನ ಮರ್ಯಾದೆಯೇ.

ಐವತ್ತು ದಾಟಿದವರ ಪಾಡು ಇನ್ನೂ ಬಿಗಿ. ಮೊದಲೇ ಸೇರಿದ್ದರೆ ಜೀವನ್ ಜ್ಯೋತಿ 55ರವರೆಗೆ ನಡೆಯುತ್ತದೆ, ಆದರೆ ಹೊಸದಾಗಿ ಸೇರಲು 50ರ ಗಡಿ. 52ರಲ್ಲಿ ಒಂದು ಮೇ ತಿಂಗಳು ಖಾತೆಯಲ್ಲಿ 436 ರೂಪಾಯಿ ಇಲ್ಲದೇ ಹೋದರೆ ಹೊಸ ಫಾರಂ ತುಂಬಿ ಒಳಗೆ ಬರುವ ದಾರಿಯಿಲ್ಲ. ತಡವಾಗಿ ಪೂರ್ತಿ ಕಂತು ಕಟ್ಟಿ ಹಳೆಯದಕ್ಕೆ ಜೀವ ಕೊಡಿಸಬಹುದು, ಅದೂ ವಿಮಾ ಕಂಪನಿ ಮನಸ್ಸು ಮಾಡಿದರೆ. ಕಂಪನಿಗಳ ಮನಸ್ಸಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಇದು 436 ರೂಪಾಯಿಯ ಕಥೆ. ಕೊಯಮತ್ತೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಸಾವಿರಗಟ್ಟಲೆ ಕಟ್ಟುವ ಆರೋಗ್ಯ ವಿಮೆಯಲ್ಲಿ ಪೆಟ್ಟು ಇನ್ನೂ ದೊಡ್ಡದು. ಕಾರ್ಡ್ ಅಥವಾ ಯುಪಿಐ ಆಟೋಪೇ ಇದ್ದರೆ ಹಣ ಹೋಗುವ 24 ಗಂಟೆ ಮೊದಲು ಸೂಚನೆ ಬರಬೇಕು. ಬೇಡವೆನ್ನಲು ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದ್ದಕ್ಕೆ ಏನಾಗುತ್ತದೆ ಎಂದು ಮಾತ್ರ ಆ ಸೂಚನೆ ಹೇಳುವುದಿಲ್ಲ.

ಅವಧಿ ಮುಗಿದ ಮೇಲೂ 30 ದಿನ ಸಮಯವಿದೆಯಲ್ಲ ಎಂಬ ಧೈರ್ಯ ಎಲ್ಲರಿಗೂ. ಆ 30 ದಿನ ಹಣ ಕಟ್ಟುವುದಕ್ಕೇ ಹೊರತು ಆಸ್ಪತ್ರೆ ಸೇರುವುದಕ್ಕಲ್ಲ. ಕಟ್ಟಿದರೆ ಹಿಂದಿನ ವರ್ಷಗಳ ಲೆಕ್ಕ ಉಳಿಯುತ್ತದೆ. ನಡುವೆ ಬಂದ ಕಾಯಿಲೆಯ ಬಿಲ್ಲು ನಮ್ಮದೇ. ಕಂತುಗಳಲ್ಲಿ ಕಟ್ಟುವವರಿಗೆ ತಮಗಿರುವ ಹೆಚ್ಚುವರಿ ದಿನಗಳಲ್ಲೂ ರಕ್ಷಣೆಯುಂಟು, ವರ್ಷದ ಹಣ ಒಟ್ಟಿಗೆ ಎಣಿಸಿಕೊಟ್ಟವರಿಗಿಲ್ಲ.

ಮೂವತ್ತೊಂದನೆಯ ದಿನದಿಂದ ಎಲ್ಲವೂ ಮೊದಲಿನಿಂದ. ಸಕ್ಕರೆ ಕಾಯಿಲೆಯಂಥ ಹಳೆಯ ರೋಗಕ್ಕೆ ಗರಿಷ್ಠ 36 ತಿಂಗಳು ಕಾಯಿಸಬಹುದು ಎಂಬುದು 2024ರಿಂದಿರುವ ನಿಯಮ. ಅದರಲ್ಲಿ 34 ತಿಂಗಳು ಕಾದು ಮುಗಿಸಿದವರೂ ಹೊಸ ಪಾಲಿಸಿ ಕೊಂಡರೆ ಒಂದನೆಯ ತಿಂಗಳಲ್ಲೇ ನಿಲ್ಲಬೇಕು.

ಕಂಪನಿಯ ಮೇಲೆ ಸಿಟ್ಟಿದ್ದರೆ ಖಂಡಿತ ಬಿಡಿ, ಆದರೆ ಪೋರ್ಟ್ ಮಾಡಿಸಿಕೊಂಡು ಬಿಡಿ. ಆಗ ಕಾದ ತಿಂಗಳುಗಳೂ ಜೊತೆಗೆ ಬರುತ್ತವೆ. ಅವಧಿ ಮುಗಿಯಲು ಒಂದೂವರೆ ತಿಂಗಳಿರುವಾಗಲೇ ಅರ್ಜಿ ಹಾಕಿ. ಹೊಸ ಕಂಪನಿ ಒಪ್ಪಿದ್ದು ಕಾಗದದಲ್ಲಿ ಕೈಗೆ ಬರುವವರೆಗೆ ಹಳೆಯದರ ಆಟೋ ಡೆಬಿಟ್ ಮುಟ್ಟಬೇಡಿ.