ಮನೆಯ ಮಾತು: ಹಜಾರದ ಮೆಟ್ಟಿಲನ್ನು ಬರೆದು ತಿಳಿಸುವ ಬಗೆ

ಜಂಗಮಕೋಟೆಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ವಾಚಕಿಯೊಬ್ಬರು ತಾವು ಬಡಗಿಗೆ ಬರೆದುಕೊಟ್ಟ ಚೀಟಿಯ ನಕಲನ್ನೂ, ಅದಕ್ಕೆ ಬಂದ ಅಂದಾಜುಪಟ್ಟಿಯನ್ನೂ ನಮಗೆ ಕಳುಹಿಸಿದ್ದಾರೆ. ಚೀಟಿಯಲ್ಲಿದ್ದುದು ಇಷ್ಟು: “ಹಜಾರ ಎರಡಂತಸ್ತಿನ ಎತ್ತರ, 20½ ಅಡಿ. ಅದರೊಳಗೆ ತೇಗದ ಮೆಟ್ಟಿಲು. ಮೆಟ್ಟಿಲುಗಳ ನಡುವೆ ಅಡ್ಡಹಲಗೆ ಬೇಡ, ಬಯಲಾಗಿರಲಿ. ಪಕ್ಕಕ್ಕೆ ಗಾಜಿನ ಕಟಾಂಜನ.” ಬಡಗಿಯು 20½ ಅಡಿಯನ್ನು ಏಳೇಳು ಅಂಗುಲವಾಗಿ ಭಾಗಿಸಿ 35 ಮೆಟ್ಟಿಲಿಗೆ ಮರದ ಲೆಕ್ಕ ಕೊಟ್ಟಿದ್ದಾನೆ. “ಇವನು ನಮ್ಮನ್ನು ಮೋಸಗೊಳಿಸುತ್ತಿರುವನೇ?” ಎಂಬುದು ಆಕೆಯ ಪ್ರಶ್ನೆ.

ಮೋಸವೇನೂ ಇಲ್ಲ. ಚೀಟಿಯಲ್ಲಿ ಇದ್ದ ಅಳತೆ ಅದೊಂದೇ, ಅವನು ಅದನ್ನೇ ಹಿಡಿದನು. ಹಜಾರವು ಸೂರಿನವರೆಗೆ ಬಯಲಾಗಿದ್ದರೂ ಮೆಟ್ಟಿಲು ಏರತಕ್ಕದ್ದು ಮಹಡಿಯ ನೆಲದವರೆಗೆ ಮಾತ್ರ. ಆಕೆಯ ನಕ್ಷೆಯಂತೆ ಅದು 10 ಅಡಿ 6 ಅಂಗುಲ, ಎಂದರೆ 126 ಅಂಗುಲ. ಉಳಿದ ಎತ್ತರ ಗಾಳಿ ಬೆಳಕುಗಳ ಪಾಲು. ಆದುದರಿಂದ ಇಂತಹ ಮೆಟ್ಟಿಲನ್ನು ಬಣ್ಣಿಸುವವರು ಮೊದಲ ವಾಕ್ಯದಲ್ಲಿಯೇ ಯಾವ ನೆಲದಿಂದ ಯಾವ ನೆಲಕ್ಕೆ ಎಂದು ಹೇಳಬೇಕು. ಹಜಾರದ ಎತ್ತರವನ್ನು ಬೇಕಾದರೆ ಕೊನೆಯಲ್ಲಿ ಹೇಳಿಕೊಳ್ಳಬಹುದು.

126 ಅಂಗುಲವನ್ನು 18 ಸಮಪಾಲು ಮಾಡಿದರೆ ಒಂದೊಂದು ಏರು 7 ಅಂಗುಲವಾಗುತ್ತದೆ. ಕಾಲಿಡುವ ಜಾಗದ ನಡೆಯನ್ನು 10½ ಅಂಗುಲವೆಂದು ಇಟ್ಟುಕೊಳ್ಳೋಣ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಮನೆಗಳಿಗೆ ಏರು 19 ಸೆಂಟಿಮೀಟರನ್ನು ಮೀರಬಾರದು, ನಡೆ 25 ಸೆಂಟಿಮೀಟರಿಗೆ ಕಡಿಮೆಯಾಗಬಾರದು ಎನ್ನುತ್ತದೆ. ನಮ್ಮ ಅಳತೆ ಅದರೊಳಗಿದೆ. ಎರಡು ಏರು ಮತ್ತು ಒಂದು ನಡೆ ಸೇರಿದರೆ ಮನುಷ್ಯನ ಒಂದು ಹೆಜ್ಜೆಗೆ ಸಮನಾಗಬೇಕೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೊಂಡೆಲ್ ಎಂಬ ವಾಸ್ತುಶಿಲ್ಪಿಯು ಹೇಳಿದ ಸೂತ್ರಕ್ಕೂ ಇದು ಹೊಂದುತ್ತದೆ: 7, 7, 10½, ಒಟ್ಟು 24½ ಅಂಗುಲ.

ಇಲ್ಲಿ ಎಣಿಕೆಯ ತೊಡಕೊಂದುಂಟು. ಏರು 18 ಎಂದ ಮಾತ್ರಕ್ಕೆ ಹಲಗೆ 18 ಅಲ್ಲ. ಎಂಟು ಹಲಗೆಗಳನ್ನು ಹತ್ತಿದ ಮೇಲೆ ಒಂಬತ್ತನೆಯ ಏರಿಗೆ ನಡುವಣ ತಂಗುಜಗಲಿ ಸಿಕ್ಕುತ್ತದೆ. ಮತ್ತೆ ಎಂಟು ಹಲಗೆಗಳಾದ ಮೇಲೆ ಹದಿನೆಂಟನೆಯ ಏರಿಗೆ ಮಹಡಿಯ ನೆಲವೇ ಕಾಲಿಗೆ ಬರುತ್ತದೆ. ಹಲಗೆಗಳು ಹದಿನಾರೇ. ಎಂಟು ನಡೆಗೆ 7 ಅಡಿ, ಜಗಲಿಗೆ 3½ ಅಡಿ, ಮತ್ತೆ 7 ಅಡಿ. ನೆಲದ ಮೇಲೆ 17½ ಅಡಿ ಉದ್ದ ಬೇಕು. ಆಕೆಯ ಹಜಾರದಲ್ಲಿ ಮುಂಗೋಡೆಯಿಂದ ಮಹಡಿಯ ಅಂಚಿನವರೆಗೆ 22 ಅಡಿ ಇರುವುದರಿಂದ ಮೊದಲ ಮೆಟ್ಟಿಲಿನ ಮುಂದೆ 4½ ಅಡಿ ಉಳಿಯುತ್ತದೆ. ಆದರೆ ದಿಕ್ಕನ್ನೂ ಬರೆಯಬೇಕು: ಮೆಟ್ಟಿಲು ಮುಂಗೋಡೆಯ ಕಡೆಯಿಂದ ಹೊರಟು ಮಹಡಿಯ ಅಂಚಿಗೆ ಮುಟ್ಟಬೇಕು. ಅಂಚಿನ ಕೆಳಗಿನಿಂದ ಹೊರಟು ಮುಂಗೋಡೆಯತ್ತ ಏರಿದರೆ, ಉದ್ದವೂ ಎಣಿಕೆಯೂ ಸರಿಯಾಗಿಯೇ ಇದ್ದು, ಹತ್ತಿದವನು ಬಯಲಿಗೆ ಮುಖಮಾಡಿ ನಿಲ್ಲುತ್ತಾನೆ! ನಗುವ ಮಾತಲ್ಲ, ಎರಡಂತಸ್ತಿನ ಬಯಲಿನಲ್ಲಿ ಮಹಡಿ ಒಂದು ಕಡೆಗೆ ಮಾತ್ರ ಇರುವುದರಿಂದ ಕಾಗದದ ಮೇಲೆ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಇನ್ನು “ಬಯಲಾಗಿರಲಿ” ಎಂಬ ಮಾತು. ನಮ್ಮ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹಾಕುತ್ತಿದ್ದ ಏಣಿಯೂ ಬಯಲು ಮೆಟ್ಟಿಲೇ ಸರಿ, ಆದರೆ ಅದನ್ನು ಕೈಕಾಲು ಎರಡರಿಂದಲೂ ಹತ್ತುತ್ತಿದ್ದೆವು. ಹಜಾರದ ಮೆಟ್ಟಿಲಲ್ಲಿ ಮಗು ಕುಳಿತು ಆಡುತ್ತದೆ. 7 ಅಂಗುಲದ ಏರಿನಲ್ಲಿ ಹಲಗೆಯ ದಪ್ಪ 2 ಅಂಗುಲ ಕಳೆದರೆ 5 ಅಂಗುಲದ ಸಂದು ಉಳಿಯುತ್ತದೆ. 4 ಅಂಗುಲದ ಚೆಂಡು ಎಲ್ಲಿ ತೂರುವುದೋ ಅಲ್ಲಿ ಕೂಸಿನ ತಲೆಗೂ ಅಪಾಯವೆಂದು ತಿಳಿಯಬೇಕು. ಆದುದರಿಂದ ಪ್ರತಿಯೊಂದು ಹಲಗೆಯ ಹಿಂಬದಿಯ ಕೆಳಗೆ 1½ ಅಂಗುಲದ ಪಟ್ಟಿಯನ್ನು ಜೋಡಿಸಿದರೆ ಸಂದು 3½ ಅಂಗುಲಕ್ಕೆ ಇಳಿಯುತ್ತದೆ, ದೂರದಿಂದ ನೋಡುವವರಿಗೆ ಬಯಲು ಬಯಲಾಗಿಯೇ ಕಾಣುತ್ತದೆ. ಮುಚ್ಚಿದ ಮೆಟ್ಟಿಲಿನಲ್ಲಿ ನಿಂತ ಹಲಗೆಯು ಮಲಗಿದ ಹಲಗೆಗೆ ಆಸರೆ ಕೊಡುತ್ತದೆ. ಇಲ್ಲಿ ಆ ಆಸರೆ ಇಲ್ಲ. ಪಟ್ಟಿಯು ಆ ಕೊರತೆಯನ್ನೂ ಸ್ವಲ್ಪಮಟ್ಟಿಗೆ ತುಂಬಿ ಹಲಗೆ ಬಾಗದಂತೆ ತಡೆಯುತ್ತದೆ. ನಡೆ 10½ ಅಂಗುಲವಾದರೂ ಹಲಗೆಯ ಅಗಲ 11½ ಇರಲಿ. ಒಂದಂಗುಲ ಮೇಲಿನ ಹಲಗೆಯ ಕೆಳಗೆ ಸರಿದಿರದಿದ್ದರೆ ಇಳಿಯುವಾಗ ಸಂದಿನ ಮೂಲಕ ನೆಲ ಕಂಡು ವಯಸ್ಸಾದವರಿಗೆ ಕಣ್ಣು ತಿರುಗುತ್ತದೆ. ಹಲಗೆಗಳ ಭಾರವನ್ನು ಹೊರುವುವು ಎರಡು ಪಕ್ಕದ ಓರೆತೊಲೆಗಳು, ಗಾಜಲ್ಲ, ಇದನ್ನೂ ಬರೆಯಿರಿ.

ಗಾಜಿನ ವಿಷಯದಲ್ಲಿ ಅವಸರವೇ ದೊಡ್ಡ ಶತ್ರು. ಕಾಯಿಸಿ ಗಟ್ಟಿಮಾಡಿದ ಗಾಜನ್ನು ಆಮೇಲೆ ಕತ್ತರಿಸಲಾಗದು, ತೂತು ಕೊರೆಯಲಾಗದು. ಕೊರೆದರೆ ಇಡೀ ಹಾಳೆ ಚೂರಾಗುತ್ತದೆ. ನಕ್ಷೆ ನೋಡಿ ಮೊದಲೇ ಗಾಜು ತರಿಸಿದವರು ಮರಗೆಲಸ ಅರ್ಧ ಅಂಗುಲ ಆಚೀಚೆಯಾದಾಗ ಹಣ ಕಳೆದುಕೊಳ್ಳುತ್ತಾರೆ. ತೊಲೆ ಹಲಗೆಗಳೆಲ್ಲ ಕೂತಮೇಲೆ, ರಟ್ಟಿನ ಅಚ್ಚು ಕತ್ತರಿಸಿ, ತೂತುಗಳ ಗುರುತು ಹಾಕಿ ಕಳುಹಿಸಬೇಕು. ಏರುವ ಭಾಗದ ಗಾಜು ಚೌಕವಲ್ಲ, ಇಳಿಜಾರಿಗೆ ಓರೆಯಾದ ಆಕಾರದ್ದು. ಜಗಲಿಯ ಬಳಿ ಮಾತ್ರ ಚೌಕ. ಒಂದೇ ದಪ್ಪಗಾಜಿಗಿಂತ ನಡುವೆ ಅಂಟುಪೊರೆಯಿಟ್ಟ ಎರಡು ಗಟ್ಟಿಗಾಜುಗಳ ಜೋಡಿ ಮೇಲು. ಒಂದು ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡು, ಹತ್ತಡಿ ಕೆಳಗೆ ಹಜಾರದಲ್ಲಿ ಕುಳಿತವರ ಮೇಲೆ ಸುರಿಯುವುದಿಲ್ಲ.

ನಾನು ಹೆಚ್ಚು ಭಯಪಡುವುದು ಇನ್ನೊಂದಕ್ಕೆ. ಬಡಗಿಯು ಕಾಂಕ್ರೀಟಿನ ಮೇಲಿಂದ ಕಾಂಕ್ರೀಟಿಗೆ 126 ಅಂಗುಲ ಅಳೆದು ಮೆಟ್ಟಿಲನ್ನು ನಿಲ್ಲಿಸಿದನೆನ್ನಿ. ಆಮೇಲೆ ಹಜಾರಕ್ಕೆ ಗಾರೆಯೂ ಕಲ್ಲೂ ಸೇರಿ 2 ಅಂಗುಲ, ಮಹಡಿಗೂ 2 ಅಂಗುಲ ಹಾಸಿದರು. ಒಟ್ಟು ಎತ್ತರ ಬದಲಾಗಲಿಲ್ಲ, ಲೆಕ್ಕ ಸರಿಯೆಂದೇ ತೋರುತ್ತದೆ. ಆದರೆ ಮೊದಲ ಮೆಟ್ಟಿಲು 5 ಅಂಗುಲಕ್ಕೆ ಹೂತುಹೋಯಿತು, ಕೊನೆಯದು 9 ಅಂಗುಲಕ್ಕೆ ಏರಿತು. ಹದಿನಾರು ಸಲ ಏಳಂಗುಲವನ್ನು ಕಲಿತ ಕಾಲು ಕೊನೆಯಲ್ಲಿ ಒಂಬತ್ತನ್ನು ಎಣಿಸುವುದಿಲ್ಲ, ಎಡವುತ್ತದೆ. ಅದೂ ಮೆಟ್ಟಿಲಿನ ತುತ್ತತುದಿಯಲ್ಲಿ. ಕೆಲಸ ಒಪ್ಪಿಕೊಳ್ಳುವ ಮುನ್ನ ಮನೆಯವರೇ ಟೇಪು ಹಿಡಿದು ಹದಿನೆಂಟು ಏರುಗಳನ್ನೂ ಒಂದೊಂದಾಗಿ ಅಳೆಯತಕ್ಕದ್ದು.

ಇಷ್ಟಾದ ಮೇಲೆ ಆ ಚೀಟಿಯನ್ನು ಹೀಗೆ ತಿದ್ದಿ ಕಳುಹಿಸಿದ್ದೇನೆ: “ಹಜಾರದ ಹಾಸಿದ ನೆಲದಿಂದ ಮಹಡಿಯ ಹಾಸಿದ ನೆಲಕ್ಕೆ 126 ಅಂಗುಲ; 18 ಸಮ ಏರುಗಳು. ಎಡಗೋಡೆಗೆ ಒತ್ತಿ, ಮುಂಗೋಡೆಗೆ 4½ ಅಡಿ ಬಿಟ್ಟು ಹೊರಟು, ನೇರವಾಗಿ ಮಹಡಿಯ ಅಂಚಿಗೆ ಮುಟ್ಟುವುದು. ಎಂಟು ಹಲಗೆ, 3½ ಅಡಿ ಜಗಲಿ, ಎಂಟು ಹಲಗೆ. ಅಗಲ 3 ಅಡಿ 3 ಅಂಗುಲ. ಎರಡು ಓರೆತೊಲೆಗಳ ಮೇಲೆ 2 ಅಂಗುಲ ದಪ್ಪ, 11½ ಅಂಗುಲ ಅಗಲದ ತೇಗದ ಹಲಗೆಗಳು, ನಡೆ 10½. ಹಿಂದೆ ಬಯಲು; ಹಲಗೆಯಡಿ 1½ ಅಂಗುಲದ ಪಟ್ಟಿ. ಬಲಗಡೆ, ಹೊರತೊಲೆಗೆ ಬಿಗಿದ ಜೋಡಿಗಾಜು, ಮೇಲೆ ಮರದ ಕೈಹಿಡಿ. ಹಲಗೆಯ ಮೂತಿಯಿಂದ 3¼ ಅಡಿ, ಮಹಡಿಯ ಅಂಚಿನಲ್ಲಿ 3½ ಅಡಿ. ಗಾಜಿನ ಅಳತೆ ಮರಗೆಲಸ ಮುಗಿದ ಮೇಲೆ.”

ಆಕೆಯ ಅತ್ತೆಯವರು ಪತ್ರದ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು: ರೇಷ್ಮೆಯ ಚಂದ್ರಿಕೆಗಳನ್ನು ಈ ಮೆಟ್ಟಿಲಲ್ಲಿ ಮಹಡಿಗೆ ಸಾಗಿಸಬಹುದೇ? ನಾಲ್ಕಡಿಗೆ ಆರಡಿಯ ಚಂದ್ರಿಕೆಯನ್ನು ಮೂರೂಕಾಲು ಅಡಿ ಅಗಲದಲ್ಲಿ ಮಲಗಿಸಿ ಒಯ್ಯಲಾಗದು, ಎತ್ತಿ ನಿಲ್ಲಿಸಿಯೇ ಒಯ್ಯಬೇಕು, ಆಗ ಗಾಜಿಗೆ ತಾಗುವುದು ಖಂಡಿತ. ಹಿತ್ತಿಲಿನ ಕಲ್ಲುಮೆಟ್ಟಿಲನ್ನು ಕೀಳಿಸಬೇಡಿರೆಂದು ಬರೆದಿದ್ದೇನೆ.