ಮೊದಲು ಸ್ಕೇಲು, ಆಮೇಲೆ ಸೂತ್ರ

ಕಳೆದ ಭಾನುವಾರ ದೊಡ್ಡಬಳ್ಳಾಪುರದ ಮನೆಗೆ ಹೋಗಿದ್ದಾಗ ತಂಗಿ ಹತ್ತನೇ ಕ್ಲಾಸಿನ ವಿಜ್ಞಾನ ಟೆಸ್ಟಿಗೆ ಓದ್ತಾ ಇದ್ದಳು. ಲೆಕ್ಕ ಇಷ್ಟೇ: ಸಂಗಮ ದೂರ 10 ಸೆಂ.ಮೀ. ಇರುವ ಪೀನ ಮಸೂರದ ಮುಂದೆ 15 ಸೆಂ.ಮೀ. ದೂರದಲ್ಲಿ ವಸ್ತುವಿದೆ. ಪ್ರತಿಬಿಂಬ ಎಲ್ಲಿ? “6 ಸೆಂ.ಮೀ. ಅಣ್ಣ” ಅಂದಳು.

“u ಗೆ ಮೈನಸ್ ಹಾಕೋದು ಮರ್ತಿದ್ದೀಯ” ಅಂತ ಹೇಳಿ ಮುಗಿಸಬಹುದಿತ್ತು. ನಾವು ಇಂಜಿನಿಯರಿಂಗ್‌ನವರು ತಮ್ಮ ತಂಗಿಯರಿಗೆ ಹೇಳಿಕೊಡೋದೇ ಹಾಗೆ. ಆದರೆ ನನ್ನ ಪ್ರಕಾರ ಅವಳ ನಿಜವಾದ ತಪ್ಪು ಮೈನಸ್ ಅಲ್ಲ, ಚಿತ್ರ ಬರೆಯದೇ ಸೂತ್ರಕ್ಕೆ ಇಳಿದದ್ದು.

ಸ್ಕೇಲು ಕೊಟ್ಟೆ. ಹಾಳೆಯ 1 ಸೆಂ.ಮೀ. ಅಂದರೆ ನಿಜದಲ್ಲಿ 5 ಸೆಂ.ಮೀ. ಉದ್ದಕ್ಕೆ ಪ್ರಧಾನ ಅಕ್ಷ ಎಳೆದು, ನಡುವೆ ಮಸೂರ ಇಟ್ಟು, ಎರಡೂ ಕಡೆ 2 ಸೆಂ.ಮೀ.ಗೆ F ಗುರುತು ಹಾಕಿದಳು. ಎಡಕ್ಕೆ 3 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎತ್ತರದ ಬಾಣವೇ ವಸ್ತು. ಬಾಣದ ತುದಿಯಿಂದ ಎರಡು ಕಿರಣ ಸಾಕು. ಒಂದು ಅಕ್ಷಕ್ಕೆ ಸಮಾಂತರವಾಗಿ ಹೋಗಿ, ಮಸೂರದ ನಡುಗೆರೆಯಲ್ಲಿ ಬಾಗಿ, ಬಲಗಡೆಯ F ಮೂಲಕ ಹಾಯುತ್ತದೆ. ಇನ್ನೊಂದು ಮಸೂರದ ಮಧ್ಯಬಿಂದುವಿನಲ್ಲಿ ಬಾಗದೆ ನೇರವಾಗಿ ಹೋಗುತ್ತದೆ. ಎರಡೂ ಸೇರಿದ್ದು ಬಲಕ್ಕೆ 6 ಸೆಂ.ಮೀ.ನಲ್ಲಿ, ಅಂದರೆ ನಿಜದಲ್ಲಿ 30 ಸೆಂ.ಮೀ. ಪ್ರತಿಬಿಂಬ ತಲೆಕೆಳಗು, ಎತ್ತರ ಎರಡರಷ್ಟು.

ಈಗ ಅವಳ ಉತ್ತರ ಯಾಕೆ ಆಗಲ್ಲ ಅಂತ ಅವಳಿಗೇ ಕಾಣಿಸಿತು. 6 ಸೆಂ.ಮೀ. ಅಂದರೆ F ಗಿಂತ ಒಳಗೆ. ಸಮಾಂತರ ಕಿರಣವೇ ಅಕ್ಷವನ್ನು ಮುಟ್ಟೋದು F ನಲ್ಲಿ. ಅದಕ್ಕೂ ಮೊದಲು ತಲೆಕೆಳಗಾದ ಬಿಂಬ ಎಲ್ಲಿಂದ ಬರಬೇಕು?

ಚಿಹ್ನೆ ಆಮೇಲೆ ಬರಲಿ. ಬೆಳಕು ಎಡದಿಂದ ಬಲಕ್ಕೆ ಹೋಗುತ್ತೆ ಅಂತ ಇಟ್ಟುಕೊಂಡರೆ, ಮಧ್ಯಬಿಂದುವಿನಿಂದ ಬಲಕ್ಕೆ ಅಳೆದದ್ದು ಪ್ಲಸ್, ಎಡಕ್ಕೆ ಅಳೆದದ್ದು ಮೈನಸ್. ಆಗ u = −15, f = +10. 1/v − 1/u = 1/f ನಲ್ಲಿ ಹಾಕಿದರೆ v = +30. ಗೊತ್ತಿರುವ ಅಳತೆಗೆ ಮಾತ್ರ ಚಿಹ್ನೆ ಹಾಕಬೇಕು. v ಯ ಚಿಹ್ನೆಯನ್ನು ಲೆಕ್ಕವೇ ಕೊಡುತ್ತೆ, ನಾವು ಊಹಿಸಿ ಹಾಕಬಾರದು.

“ಸತ್ಯ ಪ್ರತಿಬಿಂಬ ಅಂದ್ರೆ ಪ್ಲಸ್, ಅಲ್ವಾ?” ಅಂದಳು. ಇಂಥ ಬಾಯಿಪಾಠವೇ ದರ್ಪಣದಲ್ಲಿ ಕೈಕೊಡೋದು. ಅದೇ ಅಳತೆಯ ನಿಮ್ನ ದರ್ಪಣ ತಗೊಳ್ಳಿ. ಮಸೂರದ ಗೆರೆಯಲ್ಲಿ ಹಾಳೆ ಮಡಚಿದ ಹಾಗೆ ಚಿತ್ರದ ಬಲಭಾಗ ಎಡಕ್ಕೆ ಬೀಳುತ್ತೆ, ಯಾಕಂದ್ರೆ ದರ್ಪಣ ಬೆಳಕನ್ನು ವಾಪಸ್ ಕಳಿಸುತ್ತೆ. F ಎಡಕ್ಕೆ ಬಂತು, f = −10. ಸೂತ್ರ 1/v + 1/u = 1/f, ಉತ್ತರ v = −30. ಪ್ರತಿಬಿಂಬ ಸತ್ಯವೇ, ಆದರೆ ಚಿಹ್ನೆ ಮೈನಸ್!

ಪ್ಲಸ್ ಮೈನಸ್ ಹೇಳೋದು ದಿಕ್ಕನ್ನು. ಸತ್ಯವೋ ಮಿಥ್ಯವೋ ಅಂತ ಹೇಳೋದು ಕಿರಣಗಳು ನಿಜವಾಗಿ ಸೇರ್ತಾವಾ ಅನ್ನೋದು, ಅದು ಕಾಣೋದು ಚಿತ್ರದಲ್ಲಿ. ಮುಂದಿನ ಸಲ ಮನೇಲಿ ಯಾರಾದ್ರೂ ಈ ಲೆಕ್ಕ ತಂದರೆ, ನೀವೂ ಮೊದಲು ಸ್ಕೇಲು ಕೊಡಿ.