ಯಂತ್ರನಿರೂಪಕಿಯ ತುಟಿಯೂ ನಮ್ಮ ಬರಹವೂ

ಯಂತ್ರವು ಕನ್ನಡ ನುಡಿಯುವುದೆಂದರೆ ಈಗ ಯಾರಿಗೂ ಸೋಜಿಗವಾಗಿ ಉಳಿದಿಲ್ಲ. 2018ರ ನವೆಂಬರಿನಲ್ಲಿ ಚೀನಾದ ಷಿನ್‌ಹುವಾ ವಾರ್ತಾಸಂಸ್ಥೆಯು ಕೃತಕ ಬುದ್ಧಿಯ ವಾರ್ತಾವಾಚಕನನ್ನು ಜಗತ್ತಿಗೆ ತೋರಿಸಿತು. 2023ರ ಜುಲೈಯಲ್ಲಿ ಕನ್ನಡದ ಪವರ್ ಟಿವಿಯು ‘ಸೌಂದರ್ಯ’ ಎಂಬ ನಿರೂಪಕಿಯನ್ನು ಪರದೆಗೆ ತಂದಿತು. ಈಗಂತೂ ಅದಕ್ಕೆ ದೊಡ್ಡ ವಾಹಿನಿಯೇ ಬೇಕೆಂದಿಲ್ಲ. ತಾಲ್ಲೂಕಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹುಡುಗನೂ ಅರ್ಧ ಗಂಟೆಯಲ್ಲಿ ಸೀರೆಯುಟ್ಟ ನಿರೂಪಕಿಯೊಬ್ಬಳಿಂದ ಮಾತನಾಡಿಸಬಲ್ಲ. ಆದರೆ ನೋಡಿದವರು ಹೇಳುವ ಮಾತು ಒಂದೇ: “ಬಾಯಿ ಒಂದು ಕಡೆ, ಮಾತು ಒಂದು ಕಡೆ.” ದೋಷವನ್ನೆಲ್ಲ ಯಂತ್ರದ ತಲೆಗೆ ಕಟ್ಟಿ ನಾವು ಸುಮ್ಮನಾಗುತ್ತೇವೆ. ಆ ದೋಷದಲ್ಲಿ ಅರ್ಧ ಪಾಲಾದರೂ ಯಂತ್ರದ ಕೈಗೆ ನಾವು ಕೊಡುವ ಕಾಗದದ್ದು ಎಂಬುದು ನನ್ನ ವಾದ.

ಈ ವಾದಕ್ಕೆ ನನಗೇನು ಅಧಿಕಾರ ಎಂದು ಕೇಳಬಹುದು. ಎರಡು ವರ್ಷಗಳಿಂದ ಸಂಜೆಯ ಹೊತ್ತು ಅಂಥದೊಂದು ಸ್ಟುಡಿಯೋದಲ್ಲಿ ಕುಳಿತು, ನಿರೂಪಕಿ ಓದಬೇಕಾದ ಕನ್ನಡವನ್ನು ಬರೆದುಕೊಡುತ್ತಿದ್ದೇನೆ. ನನ್ನ ತಾಯಿ ಹೆಬ್ಬೆಟ್ಟು ಒತ್ತುವವರು. ತಂದೆಯವರು ಬಸ್ಸಿನ ಬೋರ್ಡು ಓದುವಷ್ಟು ಬಲ್ಲರು. ನಾವು ಓದಿದವರು ಕಿವಿಗೆ ತಪ್ಪು ಕೇಳಿಸಿದರೆ ಕೆಳಗಿನ ಅಕ್ಷರ ನೋಡಿ ತಿದ್ದಿಕೊಳ್ಳುತ್ತೇವೆ. ಅವರಿಗೆ ಆ ಆಸರೆ ಇಲ್ಲ. ಕೇಳಿದ್ದೇ ಪಾಠ, ಕಂಡ ತುಟಿಯೇ ಸಾಕ್ಷಿ. ಆದ್ದರಿಂದ ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ.

ಮೊದಲು ಕೆಲಸ ನಡೆಯುವ ಕ್ರಮವನ್ನು ಹೇಳುತ್ತೇನೆ. ನಾವು ಕೊಟ್ಟ ಬರಹವನ್ನು ಒಂದು ಯಂತ್ರಭಾಗವು ಧ್ವನಿಯಾಗಿ ಮಾರ್ಪಡಿಸುತ್ತದೆ. ಅಂಕೆ, ಸಂಕ್ಷೇಪಾಕ್ಷರಗಳನ್ನು ಹೇಗೆ ಓದಬೇಕೆಂಬ ತೀರ್ಮಾನ ಅಲ್ಲಿಯೇ ಆಗುತ್ತದೆ. ಆಮೇಲೆ ಇನ್ನೊಂದು ಭಾಗವು ಆ ಧ್ವನಿಯನ್ನು ಆಲಿಸಿ ಮುಖದ ತುಟಿಗಳನ್ನು ಕದಲಿಸುತ್ತದೆ. 2020ರಲ್ಲಿ ಹೈದರಾಬಾದಿನ ಐಐಐಟಿಯ ಸಂಶೋಧಕರು ಪ್ರಕಟಿಸಿದ ‘ವಾವ್‌ಟುಲಿಪ್’ ಎಂಬ ಪ್ರಸಿದ್ಧ ವಿಧಾನ ಈ ಜಾತಿಯದು. ಅದು ಮುಖದ ಕೆಳಗಿನ ಅರ್ಧವನ್ನು ಮರೆಮಾಡಿ, ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಧ್ವನಿಯನ್ನು ಕೇಳಿಸಿಕೊಂಡು, ಆ ಧ್ವನಿಗೆ ಒಪ್ಪುವ ಬಾಯನ್ನು ಹೊಸದಾಗಿ ಬರೆಯುತ್ತದೆ. ಹೀಗೆ ತುಟಿಯು ಅನುಸರಿಸುವುದು ಧ್ವನಿಯನ್ನೇ ಹೊರತು ಬರಹವನ್ನಲ್ಲ. ಧ್ವನಿ ತಪ್ಪಿದರೆ ತುಟಿ ಆ ತಪ್ಪನ್ನೇ ಬಹು ನಿಷ್ಠೆಯಿಂದ ನಟಿಸುತ್ತದೆ!

ಆದುದರಿಂದ ದೋಷ ಎಲ್ಲಿದೆಯೆಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಮೊದಲು ಕಣ್ಣು ಮುಚ್ಚಿ ಕೇಳಬೇಕು. ಆಗಲೇ ಮಾತು ಎಡವಿದರೆ ತಿದ್ದಬೇಕಾದದ್ದು ಬರಹವನ್ನು. ಕಿವಿಗೆ ಸರಿಯಾಗಿದ್ದು ಕಣ್ಣಿಗೆ ಮಾತ್ರ ತಪ್ಪಾದರೆ ದೋಷ ಚಿತ್ರದಲ್ಲಿದೆ. ಇಡೀ ಧ್ವನಿಯೇ ಚಿತ್ರಕ್ಕಿಂತ ಹಿಂದೆ ಮುಂದೆ ಸರಿದಿದ್ದರೆ ಅದು ಬೇರೆಯ ರೋಗ. ಮಾತು ತುಟಿಗಿಂತ 45 ಮಿಲಿಸೆಕೆಂಡು ಮುಂದಾದರೆ, ಇಲ್ಲವೆ 125 ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಗೊತ್ತಾಗುತ್ತದೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಅದಕ್ಕೆ ಯಾವ ಬರಹವೂ ಮದ್ದಲ್ಲ. ಧ್ವನಿಯನ್ನು ಸರಿಸಿ ಕೂಡಿಸಬೇಕು, ಅಷ್ಟೆ.

ಇನ್ನು ಒಂದು ನಿದರ್ಶನವನ್ನು ಬಿಡಿಸಿ ನೋಡೋಣ. ಕಳೆದ ವರ್ಷ ನೆರೆಯೂರಿನ ಒಂದು ಕಾಲೇಜಿನಿಂದ ಅರ್ಧ ನಿಮಿಷದ ಪ್ರಕಟಣೆಯ ಕೆಲಸ ಬಂತು. ಪೋಷಕರ ಫೋನುಗಳಿಗೆ ಕಳುಹಿಸಲು ಯಂತ್ರನಿರೂಪಕಿಯಿಂದ ಅದನ್ನು ಓದಿಸಬೇಕಾಗಿತ್ತು. ಕೊಟ್ಟ ಕಾಗದದಲ್ಲಿ ಹೀಗಿತ್ತು:

“ದಿ: 18-08-2025ರಂದು ಬೆ. 10.30ಕ್ಕೆ ಕಾಲೇಜಿನ ಸಭಾಂಗಣದಲ್ಲಿ 2ನೇ ವರ್ಷದ ಬಿ.ಎ. ವಿದ್ಯಾರ್ಥಿಗಳ ಪೋಷಕರ ಸಭೆಯನ್ನು ಏರ್ಪಡಿಸಲಾಗಿದ್ದು, ವಿದ್ಯಾರ್ಥಿವೇತನದ ಅರ್ಜಿಗಳನ್ನು ದಿ: 25-08-2025ರೊಳಗಾಗಿ ಸಲ್ಲಿಸಬೇಕಾಗಿರುವುದರಿಂದ ಪೋಷಕರು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಯೊಂದಿಗೆ ತಪ್ಪದೇ ಹಾಜರಾಗತಕ್ಕದ್ದು.”

ಕಣ್ಣಿನಿಂದ ಓದುವವನಿಗೆ ಇದರಲ್ಲಿ ಕಷ್ಟವಿಲ್ಲ. ನಿರೂಪಕಿಯು ಮಾತ್ರ ‘ದಿ’ ಎಂದು ನಿಂತಳು, ‘ಬೆ’ ಎಂದು ಮತ್ತೆ ನಿಂತಳು. ಚುಕ್ಕಿ ಕಂಡಲ್ಲೆಲ್ಲ ವಾಕ್ಯ ಮುಗಿಯಿತೆಂದು ತಿಳಿದು ತುಟಿ ಮುಚ್ಚಿ ತಲೆ ತಗ್ಗಿಸಿದಳು. ‘10.30ಕ್ಕೆ’ ಎಂಬುದು “ಹತ್ತು ಪಾಯಿಂಟ್ ಮೂವತ್ತು” ಎಂದಾಗಿ, ಅದರ ಹಿಂದೆ ‘ಕ್ಕೆ’ ಎಂಬುದು ಬಾಲ ಕತ್ತರಿಸಿದ ಹಲ್ಲಿಯಂತೆ ಬೇರೆಯಾಗಿ ಬಿತ್ತು. ಕನ್ನಡದಲ್ಲಿ ಯಾವ ಮಾತೂ ‘ಕ್ಕೆ’ ಎಂಬ ದ್ವಿತ್ವದಿಂದ ಮೊದಲಾಗುವುದಿಲ್ಲ. ಪಾಪ, ಯಂತ್ರ ಅದನ್ನು ಎಲ್ಲಿಂದ ಕಲಿತೀತು? ‘ಮೂವತ್ತು’ ಎಂಬುದಕ್ಕೆ ‘ಕ್ಕೆ’ ಸೇರಿದರೆ ನಾವು ‘ಮೂವತ್ತಕ್ಕೆ’ ಎನ್ನುತ್ತೇವೆ, ಕೊನೆಯ ಉಕಾರವನ್ನು ಬಿಡುತ್ತೇವೆ. ‘ಇಪ್ಪತ್ತೈದು’ ಎಂಬುದು ‘ರೊಳಗೆ’ ಸೇರಿದಾಗ ‘ಇಪ್ಪತ್ತೈದರೊಳಗೆ’ ಆಗುತ್ತದೆ. ಅಂಕೆಯಲ್ಲಿ ಬರೆದಾಗ ಈ ವಿಭಕ್ತಿಯ ಬೆಸುಗೆಯೆಲ್ಲ ಓದುವವನ ಬಾಯಲ್ಲಿ ನಡೆಯಬೇಕು. ಮನುಷ್ಯ ಅದನ್ನು ಯೋಚಿಸದೆ ಮಾಡುತ್ತಾನೆ. ಯಂತ್ರ ಅಂಕೆಯನ್ನು ಬೇರೆ, ಪ್ರತ್ಯಯವನ್ನು ಬೇರೆ ಓದಿಬಿಡುತ್ತದೆ. ಉಕಾರದಲ್ಲಿ ದುಂಡಗಾದ ತುಟಿ ಅಲ್ಲಿಯೇ ನಿಂತು, ಮತ್ತೆ ಬಿಚ್ಚಿಕೊಂಡು, ಮೀನಿನ ಬಾಯಂತೆ ಕಂಡಿತು.

ಸಾಲದುದಕ್ಕೆ ಇದೆಲ್ಲವೂ ಅರ್ಧ ನಿಮಿಷದೊಳಗೆ ಮುಗಿಯಬೇಕೆಂದು ಓದಿನ ವೇಗವನ್ನು ಹೆಚ್ಚಿಸಿದ್ದರು. ತುಟಿಯ ತೊಂದರೆ ನಿಜವಾಗಿ ಬೆಳೆದದ್ದು ಇಲ್ಲಿ. ಪ, ಬ, ಮ ಎಂಬ ಅಕ್ಷರಗಳಿಗೆ ಎರಡು ತುಟಿಯೂ ಪೂರ್ತಿ ಕೂಡಬೇಕು. ತ ಎಂದರೋ ಟ ಎಂದರೋ ನೋಡುವವನಿಗೆ ಕಾಣುವುದಿಲ್ಲ, ಅದು ನಾಲಗೆಯ ಕೆಲಸ. ಆದರೆ ಪಕಾರಕ್ಕೆ ತುಟಿ ತೆರೆದಿದ್ದರೆ ಮಗುವಿಗೂ ಅದು ಸುಳ್ಳೆಂದು ತಿಳಿಯುತ್ತದೆ. ಸೆಕೆಂಡಿಗೆ 25 ಚಿತ್ರಗಳಿರುವಾಗ ಒಂದೊಂದು ಚಿತ್ರಕ್ಕೆ 40 ಮಿಲಿಸೆಕೆಂಡು. ಸಾವಧಾನವಾಗಿ ನುಡಿದ ಒಂಟಿ ಪಕಾರದಲ್ಲಿ ತುಟಿ ಮುಚ್ಚಿರುವುದು ಸುಮಾರು ಎರಡು ಮೂರು ಚಿತ್ರಗಳ ಕಾಲ; ‘ತಪ್ಪದೇ’ ಎಂಬ ದ್ವಿತ್ವದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ವೇಗ ಹೆಚ್ಚಿಸಿದಾಗ ಒಂಟಿ ಪಕಾರಕ್ಕೆ ಒಂದೇ ಚಿತ್ರ ಉಳಿಯುತ್ತದೆ, ಅದೂ ಅಕ್ಕಪಕ್ಕದ ಸ್ವರಗಳೊಡನೆ ಕಲಸಿ ಅರ್ಧ ತೆರೆದ ಬಾಯಾಗುತ್ತದೆ. ‘ಪಾಸ್‌ಪುಸ್ತಕದ ಪ್ರತಿ’ ಎಂಬಲ್ಲಿ ಮೂರು ಪಕಾರಗಳಿದ್ದರೂ ನಿರೂಪಕಿಯ ತುಟಿ ಒಮ್ಮೆಯೂ ಕೂಡಲಿಲ್ಲ.

ನಾನು ಬರೆದುಕೊಟ್ಟದ್ದು ಹೀಗೆ:

“ಪೋಷಕರೆ, ನಮಸ್ಕಾರ. ಎರಡನೆಯ ವರ್ಷದ ಬೀಯೇ ಮಕ್ಕಳ ತಂದೆತಾಯಿಯರ ಸಭೆ ಇದೆ. ಆಗಸ್ಟ್ ಹದಿನೆಂಟು, ಸೋಮವಾರ. ಬೆಳಿಗ್ಗೆ ಹತ್ತೂವರೆ ಗಂಟೆಗೆ, ಕಾಲೇಜಿನ ಸಭಾಂಗಣದಲ್ಲಿ. ಬರುವಾಗ ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ ತನ್ನಿ. ವಿದ್ಯಾರ್ಥಿವೇತನದ ಅರ್ಜಿಗೆ ಅದು ಬೇಕು. ಅರ್ಜಿ ಕೊಡಲು ಕೊನೆಯ ದಿನ, ಆಗಸ್ಟ್ ಇಪ್ಪತ್ತೈದು, ಸೋಮವಾರ.”

ಇಲ್ಲಿ ಅಂಕೆಯೊಂದೂ ಇಲ್ಲ, ಅಕ್ಷರದ ಮಧ್ಯೆ ಚುಕ್ಕಿಯೂ ಇಲ್ಲ. ತಾರೀಖಿಗೆ ವಿಭಕ್ತಿಯನ್ನೇ ಹಚ್ಚದೆ, ‘ಹದಿನೆಂಟು, ಸೋಮವಾರ’ ಎಂದು ಬಿಡಿಯಾಗಿಟ್ಟಿದ್ದೇನೆ. ಹಚ್ಚಲೇಬೇಕಾದಲ್ಲಿ ‘ಹದಿನೆಂಟರಂದು’ ಎಂದು ಅಕ್ಷರದಲ್ಲಿ ಬೆಸೆದು ಬರೆಯಬೇಕು. ‘ಸಲ್ಲಿಸಬೇಕಾಗಿರುವುದರಿಂದ’ ಎಂಬ ಸರಪಳಿಯನ್ನು ಕಡಿದದ್ದರಿಂದ ಪ್ರತಿ ವಾಕ್ಯದ ಕೊನೆಯಲ್ಲೂ ತುಟಿ ಮುಚ್ಚಲು ನ್ಯಾಯವಾದ ಒಂದು ಎಡೆ ದೊರೆಯಿತು. ಮಾತು ಹಗುರವಾದ್ದರಿಂದ ಸಹಜ ವೇಗದಲ್ಲಿಯೇ ಅರ್ಧ ನಿಮಿಷದಲ್ಲಿ ಮುಗಿಯಿತು. ತಾರೀಖು, ವೇಳೆಗಳ ಅಂಕೆಗಳನ್ನು ಪರದೆಯ ಕೆಳಗೆ ಬರಹದಲ್ಲಿ ಹಾಕಿದೆವು. ನಿರೂಪಕಿಗೆ ಒಂದು ಪ್ರತಿ, ಪರದೆಗೆ ಇನ್ನೊಂದು ಪ್ರತಿ: ಎರಡನ್ನೂ ಒಂದೇ ಕಾಗದದಿಂದ ಸಾಗಿಸಲು ಹೋಗುವುದೇ ಬಹು ತೊಂದರೆಗಳ ಮೂಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕುಗಳೂ ಇವೆ. ಅವುಗಳಲ್ಲಿ ಸೊನ್ನೆಯೇ ಮುಖ್ಯ. ‘ಸಂತೆ’ ಎಂಬಲ್ಲಿ ಅದು ನಕಾರ, ತುಟಿ ತೆರೆದಿರುತ್ತದೆ. ‘ಹಂಪಿ’ ಎಂಬಲ್ಲಿ ಅದು ಮಕಾರ, ತುಟಿ ಮೊದಲೇ ಕೂಡಿ ಪಕಾರ ಮುಗಿಯುವವರೆಗೂ ಕೂಡಿಯೇ ಇರುತ್ತದೆ. ‘ಸಂಸ್ಥೆ’ ಎಂಬಲ್ಲಿಯೂ ಕನ್ನಡಿಗನ ತುಟಿ ಮುಚ್ಚುತ್ತದೆ. ಹಿಂದಿಯ ರೂಢಿಯಲ್ಲಿ ಅಲ್ಲಿ ನಕಾರ ಕೇಳುತ್ತದೆ. ಯಂತ್ರ ‘ಸನ್‌ಸ್ಥೆ’ ಎಂದರೆ ಕಿವಿಗೂ ಕಣ್ಣಿಗೂ ಒಟ್ಟಿಗೇ ಪರಭಾಷೆಯ ವಾಸನೆ ಹೊಡೆಯುತ್ತದೆ. ಅಂಥಲ್ಲಿ ನಿರೂಪಕಿಯ ಪ್ರತಿಯಲ್ಲಿ ‘ಸಮ್‌ಸ್ಥೆ’ ಎಂದೇ ಬರೆದುಬಿಡುತ್ತೇನೆ. ಪರದೆಯಲ್ಲಿ ಕಾಣದ ಕಾಗುಣಿತವಾದ್ದರಿಂದ ನಮ್ಮ ಕನ್ನಡ ಪಂಡಿತರು ಕ್ಷಮಿಸಿಯಾರು.

ಫಕಾರದ್ದು ಇನ್ನೊಂದು ಗೋಳು. ‘ಫಲ’ ಎಂಬುದರ ಮಹಾಪ್ರಾಣಕ್ಕೆ ಎರಡು ತುಟಿ ಕೂಡಬೇಕು. ‘ಫೈಲು’ ಎಂಬಲ್ಲಿ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ನಮ್ಮ ಲಿಪಿಯ ದಿನಬಳಕೆಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಯಂತ್ರ ಹಿಂದುಮುಂದು ಮಾಡಿದರೆ ‘ಫೈಲು’ ಬದಲು ‘ಕಡತ’, ‘ಫಸಲು’ ಬದಲು ‘ಬೆಳೆ’ ಎಂದರಾಯಿತು. ಊರ ಹೆಸರುಗಳಲ್ಲಿ ಈ ಉಪಾಯ ನಡೆಯದು. ಇಂಗ್ಲಿಷ್ ಕಾಗದದಿಂದ Gadag ಎಂದು ಹಾಗೆಯೇ ಎತ್ತಿಕೊಟ್ಟರೆ ನಿರೂಪಕಿ ‘ಗದಗ್’ ಎಂದು ಬಾಯಿ ಮುಚ್ಚುತ್ತಾಳೆ. ಕನ್ನಡದ ‘ಗದಗ’ ಮುಗಿಯುವುದು ಅಕಾರದಲ್ಲಿ, ತೆರೆದ ಬಾಯಲ್ಲಿ. ಊರ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಕೊಡಬೇಕು. ಆದರೂ ಕಚ್ಚಿದರೆ ಹೆಸರಿನ ಹಿಂದೆ ಒಂದು ಅಲ್ಪವಿರಾಮ ಇಟ್ಟು ಬಿಡುವು ಕೊಡಬೇಕು.

ನನ್ನ ಸಹಪಾಠಿಯೊಬ್ಬರು ಇದನ್ನೆಲ್ಲ ಕೇಳಿ, “ಯಂತ್ರಕ್ಕಾಗಿ ಕನ್ನಡ ಬಾಗಬೇಕೇನಪ್ಪ?” ಎಂದರು. ಪ್ರಶ್ನೆ ನ್ಯಾಯವಾದದ್ದು. ‘ಹಾಜರಾಗತಕ್ಕದ್ದು’ ಎಂಬುದನ್ನು ‘ಬನ್ನಿ’ ಎಂದು ಮಾಡಿದಾಗ ಕನ್ನಡ ಬಾಗಿತೆಂದು ನನಗೆ ತೋರುವುದಿಲ್ಲ. ಕಚೇರಿಯಲ್ಲಿ ಬಾಗಿದ್ದುದು ನೆಟ್ಟಗಾಯಿತು. ಆದರೆ ಪಬಮಗಳು ತೊಂದರೆ ಕೊಡುತ್ತವೆಂದು ಆ ಅಕ್ಷರಗಳಿರುವ ಮಾತುಗಳನ್ನೇ ತಪ್ಪಿಸಬೇಕೆಂದು ಸಲಹೆ ಮಾಡುವವರನ್ನೂ ಕಂಡಿದ್ದೇನೆ. ಅದನ್ನು ನಾನು ಒಪ್ಪಲಾರೆ. ಅಪ್ಪ, ಅಮ್ಮ, ಹಬ್ಬ, ಉಪ್ಪು ಇಲ್ಲದ ಕನ್ನಡ ಯಾರಿಗೆ ಬೇಕು? ಬದಲಿಸಬಹುದಾದದ್ದು ಅಂಕೆ, ಚುಕ್ಕಿ, ವಾಕ್ಯದ ಉದ್ದ, ಎರವಲು ಮಾತು. ಊರಿನ ಹೆಸರು, ವ್ಯಕ್ತಿಯ ಹೆಸರು, ಜನ ಬಳಸುವ ಮಾತು ಇವುಗಳನ್ನು ಮುಟ್ಟಲಾಗದು. ಅವು ಬಂದಾಗ ನಾವು ವೇಗವನ್ನು ತಗ್ಗಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ ಆ ಎರಡು ಸೆಕೆಂಡು ನಿರೂಪಕಿಯ ಮುಖವನ್ನು ತೆಗೆದು ಊರಿನ ಕೆರೆಯನ್ನೋ ಗುಡಿಯನ್ನೋ ತೋರಿಸಿ, ಹೆಸರನ್ನು ಆ ಊರಿನವರೊಬ್ಬರ ಬಾಯಿಂದಲೇ ಹೇಳಿಸಿ ಸೇರಿಸುತ್ತೇವೆ.